ಸ್ವಾಗತಕ್ಕೆ ನಾಲ್ಕೇ ಮಾತು

ಮಸ್ಕಿಯ ನಮ್ಮ ಓಣಿಗೆ ಪ್ರವಚನಕಾರರು ಬಂದಾಗಲೆಲ್ಲ ಸ್ವಾಗತ ಭಾಷಣ ನನ್ನ ಹೆಂಡತಿಯದೇ. ಆಕೆ ಶಾಲಾ ಶಿಕ್ಷಕಿ. "ಯಾರು, ಎಲ್ಲಿಂದ ಬಂದಾರ, ಇವತ್ತು ಏನು ಹೇಳ್ತಾರ, ಅವರು ಮಾಡಿದ ಒಂದು ಒಳ್ಳೆ ಕೆಲಸ. ಇಷ್ಟು ಹೇಳಿ ಕುಂದರಬೇಕ್ರಿ. ಮಂದಿ ಬಂದಿದ್ದು ಅವರ ಮಾತು ಕೇಳಾಕ," ಎನ್ನುತ್ತಿದ್ದಳು.

ಆಕೆ ತೀರಿಕೊಂಡ ಮೂರನೇ ತಿಂಗಳು ಲಿಂಗಸುಗೂರಿನ ಗುರುಗಳು ಬಂದರು. ಸ್ವಾಗತಿಸುವ ಕೆಲಸ ನನ್ನ ಪಾಲಿಗೆ ಬಂತು. ಸಂಘಟಕರು ಪುಟದ ತುಂಬ ಬಿರುದುಗಳನ್ನು ಬರೆದು ಕೊಟ್ಟು, "ಒಂದೂ ಬಿಡಬ್ಯಾಡ್ರಿ ಸರ್," ಎಂದರು. ಅದನ್ನು ಮಡಚಿ ಕಿಸೆಗಿಟ್ಟು ಮೈಕಿನ ಮುಂದೆ ನಿಂತೆ.

"ಗುರುಗಳು ಲಿಂಗಸುಗೂರಿನಿಂದ ಬಂದಾರ. ಮೊದಲು ಮಾಸ್ತರರಾಗಿದ್ರು, ಈಗ ಊರೂರಿಗೆ ಹೋಗಿ ಪ್ರವಚನ ಮಾಡ್ತಾರ. ಇವತ್ತು ಸಾವಿನ ಭಯದ ಬಗ್ಗೆ ಮಾತಾಡ್ತಾರ. ನನ್ನ ಹೆಂಡತಿ ಸಿಂಧನೂರಿನ ದವಾಖಾನೆಯೊಳಗ ಇದ್ದಾಗ ಇವರು ವಾರವಾರ ಬಂದು, ಬಾಜು ಕುಂತು ಆಕಿ ಮಾತು ಕೇಳ್ತಿದ್ರು. ಒಂದು ದಿನಾನೂ ಉಪದೇಶ ಮಾಡಲಿಲ್ಲ. ಇವರಿಗೆ ನಿಮ್ಮೆಲ್ಲರ ಪರವಾಗಿ ಸ್ವಾಗತ."

ಬಂದು ಕುಳಿತೆ. ಭಾಷಣ ಮುಗಿಸಿ ಬಂದಾಗಲೆಲ್ಲ ಆಕೆ ನನ್ನ ಕಿವಿಯಲ್ಲಿ, "ಉದ್ದ ಆತೇನ್ರಿ?" ಎಂದು ಕೇಳುತ್ತಿದ್ದಳು. ಅವತ್ತು ಹಾಗೆ ಕೇಳೋಣವೆಂದು ಪಕ್ಕಕ್ಕೆ ತಿರುಗಿದೆ. ಖಾಲಿ ಕುರ್ಚಿಯಿತ್ತು. ಮೈಕಿನ ಮುಂದೆ ನಿಂತ ಗುರುಗಳು ಬಹಳ ಹೊತ್ತು ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು.