ಒಂಬತ್ತು ಕುರಿ, ಒಂದು ಬಾಕ್ಸ್ ಪ್ಲಾಟ್

ಭಾಲ್ಕಿಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ನನಗೆ ಒಂದು ಹಮ್ಮಿತ್ತು: ನನ್ನ ಪಾಠ ಯಾರೂ ಕೇಳುವುದಿಲ್ಲ, ತಪ್ಪು ಅವರದೇ.

ಆ ವರ್ಷ ಅಂಕಿಗಳ ಹರವನ್ನು ಚೌಕ ಎಳೆದು ತೋರಿಸುವ ಬಾಕ್ಸ್ ಪ್ಲಾಟಿನ ಅಭ್ಯಾಸ ಹಾಳೆಗೆ ಅಂಕಿ ಕೊಟ್ಟವಳು ಚಿಂತಾಕಿಯಿಂದ ಬರುವ ಹುಡುಗಿ. ಅವಳ ಮನೆಯ ಒಂಬತ್ತು ಕುರಿಗಳ ತೂಕ, ಕಿಲೋಗಳಲ್ಲಿ: 11, 12, 14, 15, 17, 18, 20, 23, 30. ಬೋರ್ಡಿನ ಮೇಲೆ ನಾನೇ ಬರೆದಿದ್ದೆ: ಸಂಖ್ಯೆ ಬೆಸವಾದರೆ ನಡುವಿನದನ್ನು ಬಿಟ್ಟು ಎರಡು ಪಾಲು ಮಾಡಬೇಕು, ಪ್ರತಿ ಪಾಲಿನ ನಡುವೇ ಕ್ವಾರ್ಟೈಲ್. ಬರೆದ ಮೇಲೆ ಆಲಸ್ಯ ಬಂತು. ಉತ್ತರಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿ ತೆಗೆದೆ.

ನಲವತ್ತು ಮಂದಿ ಮೊಬೈಲಿನಲ್ಲಿ ಉತ್ತರ ತೆಗೆದರು. ಮೊದಲನೆಯ ಕ್ವಾರ್ಟೈಲ್ 14, ಮೂರನೆಯದು 20. ಪಟ್ಟಿಗೆ ಸರಿಹೊಂದಿತು, ಹತ್ತಕ್ಕೆ ಹತ್ತು. ಕುರಿಯವಳದು 13 ಮತ್ತು 21.5. ನಾನು ಕೆಂಪು ಪೆನ್ನು ಝಾಡಿಸಿ ಮೂರು ಅಂಕ ಕೊಟ್ಟೆ. ಮೂರೆಂದರೆ ಇಂಟರ್ನಲ್ಸ್ ನಪಾಸು, ಪರೀಕ್ಷೆಗೆ ಕೂಡುವಂತಿಲ್ಲ.

ಹಾಳೆ ಹಿಡಿದು ಸ್ಟಾಫ್ ರೂಮಿಗೆ ಬಂದಳು.

“ಸರ, 17 ಬಿಟ್ಟು ನಾಕು-ನಾಕು ಮಾಡೀನ್ರಿ. ನೀವ್ ಹೇಳಿದ್ಹಾಂಗೇ.”

“ಮಷೀನ್ ಸುಳ್ಳು ಹೇಳ್ತದೇನು?”

“ಗೊತ್ತಿಲ್ರಿ. ನಿಮ್ ಪಟ್ಟಿಯಾಗ ನಮ್ ಮೂವತ್ತು ಕಿಲೋದ ಟಗರು ಗುಂಪಿನ ಹೊರಗ ಬಿದ್ದದ. ನಂದ್ರಾಗ ಒಳಗೇ ಅದ. ಯಾವುದು ಖರೇ ರಿ?”

ಸಿಟ್ಟು ನೆತ್ತಿಗೇರಿತು. ತಪ್ಪು ತೋರಿಸಲೆಂದೇ ಲೆಕ್ಕಕ್ಕೆ ಕೂತೆ. ಅವಳ ಎರಡು ಕ್ವಾರ್ಟೈಲುಗಳ ಅಂತರ 8.5, ಅದರ ಒಂದೂವರೆ ಪಟ್ಟು 12.75, ಅದನ್ನು 21.5ಕ್ಕೆ ಕೂಡಿಸಿದರೆ ಮೇಲಿನ ಗೆರೆ 34.25; ಗೆರೆ ದಾಟಿದ್ದು ಗುಂಪಿನ ಹೊರಗೆ. ಟಗರು ಒಳಗೆ. ಪಟ್ಟಿಯ ಅಂತರ 6, ಗೆರೆ 29. ಟಗರು ಹೊರಗೆ. ಯಂತ್ರ ನಡುವಿನ 17 ಅನ್ನು ಎರಡೂ ಪಾಲಿಗೆ ಸೇರಿಸಿ ಐದೈದು ಮಾಡಿದ ಹಾಗೆ ಉತ್ತರ ಕೊಟ್ಟಿತ್ತು. ಅದೂ ಒಂದು ಪದ್ಧತಿಯೇ, ಪುಸ್ತಕಗಳಲ್ಲಿದೆ. ಆದರೆ ನಾನು ಕಲಿಸಿದ್ದು ಅದಲ್ಲ. ಅಯ್ಯೋ ದೇವರೇ! ಇಡೀ ತರಗತಿಯಲ್ಲಿ ನನ್ನ ಮಾತು ಕೇಳಿದವಳು ಒಬ್ಬಳೇ, ನಪಾಸು ಮಾಡಿದ್ದೂ ಅವಳೊಬ್ಬಳನ್ನೇ.

ಮರುದಿನ ಅವಳಿಗೆ ಹತ್ತು ಹಾಕಿದೆ. ನಲವತ್ತು ಮಂದಿಯ ಹತ್ತು ಕೀಳುವ ಧೈರ್ಯವಾಗಲಿಲ್ಲ. ತಪ್ಪು ಒಪ್ಪುವ ಧೈರ್ಯವಂತೂ ಮೊದಲೇ ಇರಲಿಲ್ಲ. ತರಗತಿಯೆದುರು ಗಂಟಲು ಸರಿಮಾಡಿಕೊಂಡು, “ಪಟ್ಟಿಯೊಳಗ ಪ್ರಿಂಟ್ ಮಿಸ್ಟೇಕ್ ಆಗಿತ್ತು,” ಎಂದೆ.

ಹಿಂದಿನ ಬೆಂಚಿನಿಂದ ಎದ್ದು ನಿಂತಳು.

“ಪ್ರಿಂಟಿನ್ ತಪ್ಪಲ್ರಿ ಸರ. ನಿಮ್ ಪಾಠ ಖರೇ ಇತ್ತು. ನಾ ನಂಬೀನಿ, ನೀವೇ ನಂಬಲಿಲ್ಲ.”

ಯಾರೂ ನಗಲಿಲ್ಲ. ನಕ್ಕಿದ್ದರೆ ಬೈದು ಪಾರಾಗುತ್ತಿದ್ದೆ.