ಖಂಡನೆಗೆ ಬಿಟ್ಟ ಜಾಗ

ಸವದತ್ತಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ. ವಿಷಯ: ಪದವಿ ತರಗತಿಗಳಿಗೆ ಕಡ್ಡಾಯ ಹಾಜರಾತಿ ಬೇಡ. ನಮ್ಮ ಕಡೆಯ ಸ್ಪರ್ಧೆಗಳಲ್ಲಿ ಒಂದೇ ಕಾಲೇಜಿನಿಂದ ಇಬ್ಬರು ಹೋಗುತ್ತಾರೆ, ಒಬ್ಬರು ಪರ, ಇನ್ನೊಬ್ಬರು ವಿರೋಧ. ಬೈಲಹೊಂಗಲದ ನಮ್ಮ ಕಾಲೇಜಿನಿಂದ ಪರ ಮಾತಾಡುವವಳು ನಾನು, ವಿರೋಧಕ್ಕೆ ನನ್ನ ಗೆಳತಿ. ದೇಗಾಂವದ ಒಕ್ಕಲುತನದ ಮನೆಯವಳು, ತರಗತಿಯಲ್ಲಿ ನನ್ನ ಪಕ್ಕದ ಜಾಗ ಅವಳದು. ಇಬ್ಬರ ಅಂಕ ಕೂಡಿ ಎಲ್ಲರಿಗಿಂತ ಹೆಚ್ಚಾದರೆ ಕಾಲೇಜಿಗೆ ಪಾರಿತೋಷಕ. ವೈಯಕ್ತಿಕ ಬಹುಮಾನ ಬೇರೆ. ನನ್ನ ಕಣ್ಣು ಆ ಬೇರೆಯದರ ಮೇಲೆಯೇ ಇತ್ತು, ಸುಳ್ಳೇಕೆ ಹೇಳಲಿ.

ತಯಾರಿ ಮಾಡಿಸಿದವರು ನಮ್ಮ ರಾಜ್ಯಶಾಸ್ತ್ರದ ಸರ್. ಮೊದಲು ನಿಲುವು ಹೇಳು, ಆಮೇಲೆ ಯಾವ ಮೂರು ಕಾರಣ ಎಂದು ಮುಂಚೆಯೇ ತಿಳಿಸು, ಕೇಳುವವರಿಗೆ ದಾರಿ ತಪ್ಪಬಾರದು ಎನ್ನುತ್ತಿದ್ದರು. ನಾನು ಭಾಷಣವನ್ನು ಕಂಠಪಾಠ ಮಾಡಿ ಸಮಯ ಮುಗಿದ ಗಂಟೆ ಬಾರಿಸುವವರೆಗೂ ತುಂಬಿಸಿಟ್ಟಿದ್ದೆ. ಅವರಿಗೆ ಸಿಟ್ಟು ಬಂತು.

"ಹಿಂಗ ಗಿಡಿದು ತುಂಬಿಕೊಂಡು ಹೋದ್ರ ಎದುರಿನವರ ಮಾತಿಗೆ ಉತ್ತರ ಎಲ್ಲಿ ಇಡ್ತಿಯವಾ? ಎರಡನೇದ್ದಕ್ಕೂ ಮೂರನೇದ್ದಕ್ಕೂ ನಡುವ ಜಾಗಾ ಬಿಡು."

ಬಿಟ್ಟೆ. ಆ ಜಾಗಕ್ಕೆ ಹೋಗುವ ಮತ್ತು ಅಲ್ಲಿಂದ ಬರುವ ವಾಕ್ಯಗಳನ್ನು ಮಾತ್ರ ಗಟ್ಟಿ ಮಾಡಿಕೊಂಡೆ. 'ನನಗಿಂತ ಮೊದಲು ಮಾತಾಡಿದವರು ಹೀಗೆಂದರು, ಆದರೆ' ಎಂದು ಹೋಗುವುದು. 'ಹಾಗಾಗಿ ನನ್ನ ಮೂರನೆಯ ಕಾರಣಕ್ಕೆ ಬರುತ್ತೇನೆ' ಎಂದು ಮರಳುವುದು. ಖಂಡನೆ ಉದ್ದವಾದರೆ ಎರಡನೆಯ ಕಾರಣದ ಉದಾಹರಣೆ ಬಿಟ್ಟುಬಿಡುವುದು. ಸರ್ ಇನ್ನೂ ಒಂದು ಹೇಳಿದ್ದರು: "ಅವರಾಡಿದ ಮಾತಿಗೆ ಉತ್ತರ ಕೊಡು. ಅವರ ಮನಿ ಸುದ್ದಿಗೆ ಹೋಗಬ್ಯಾಡ."

ಸವದತ್ತಿಯಲ್ಲಿ ಚೀಟಿ ಎತ್ತಿದಾಗ ಅವಳ ಸರದಿಯ ಬೆನ್ನಿಗೇ ನನ್ನ ಸರದಿ ಬಂತು. ನಾನು ಒಳಗೊಳಗೆ ಕುಣಿದೆ. ಅವಳು ಏನು ಹೇಳುತ್ತಾಳೆಂದು ನನಗೆ ಗೊತ್ತು, ಅದಕ್ಕೆ ಉತ್ತರವೂ ಸಿದ್ಧ. ಆದರೆ ನನ್ನ ಉತ್ತರವನ್ನು ಅಭ್ಯಾಸದಲ್ಲಿ ಅವಳೂ ಕೇಳಿದ್ದಳು ಎಂಬುದು ಈ ದೊಡ್ಡ ಬುದ್ಧಿವಂತೆಗೆ ಹೊಳೆದಿರಲಿಲ್ಲ.

"ಪಾಠ ಮೊಬೈಲಿನಲ್ಲೂ ಸಿಗುತ್ತದೆ ಎಂದು ಮುಂದೆ ಬರುವವರು ಹೇಳಬಹುದು" ಎಂದು ಶುರು ಮಾಡಿ, ನಾನು ಕಾಯ್ದಿಟ್ಟಿದ್ದ ಉತ್ತರವನ್ನು ಅವಳೇ ಎತ್ತಿ, ಅವಳೇ ಕೆಡವಿ ಹಾಕಿದಳು. "ಕಾಲೇಜಿಗೆ ಬಂದು ಕೂತರೆ ತಾನೇ ಅರ್ಥವಾಗದ್ದನ್ನು ಪಕ್ಕದವಳನ್ನು ಕೇಳಲಾದೀತು?" ಎಂದಳು. ಸಭೆ ಚಪ್ಪಾಳೆ ತಟ್ಟಿತು. ನನಗೆ ಮೈಯೆಲ್ಲ ಉರಿಯಿತು.

ವೇದಿಕೆ ಹತ್ತಿದೆ. ನಿಲುವು, ಕಾರಣ ಒಂದು, ಕಾರಣ ಎರಡು, ಎಲ್ಲ ಸುಸೂತ್ರ. ಆಮೇಲೆ ಆ ಖಾಲಿ ಜಾಗ ಬಂತು. ಅದರಲ್ಲಿ ಇಡಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಎಚ್ಚರಿಕೆಯ ಗಂಟೆ ಹೊಡೆಯಿತು. "ನನಗಿಂತ ಮೊದಲು ಮಾತಾಡಿದವರು ಕೂತು ಕಲಿಯಬೇಕೆಂದರು," ಎಂದೆ. "ಆದರೆ ಹತ್ತಿ ಬಿಡಿಸುವ ದಿನಗಳಲ್ಲಿ ಅವರು ಎಲ್ಲಿ ಕೂತಿದ್ದರು? ಅವರು ಹೊಲದಲ್ಲಿ, ಅವರ ಹಾಜರಿ ಕಾಲೇಜಿನಲ್ಲಿ! ಕಡ್ಡಾಯ ಹಾಜರಾತಿ ಎಂದರೆ ಇಷ್ಟೇ."

ಸಭೆ ಹೋ ಎಂದು ನಕ್ಕಿತು. ಮೊದಲ ಬಹುಮಾನ ನನಗೇ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಗದವರು ಇಬ್ಬರೇ, ಅವಳು ಮತ್ತು ನಮ್ಮ ಸರ್. ತರಗತಿಯಲ್ಲಿ ತಲೆ ಎತ್ತದೆ ನಂಬರ್ ಕೂಗಿ ಹಾಜರಿ ಹಾಕಿಕೊಳ್ಳುತ್ತಿದ್ದವರು ಅವರೇ. ಹತ್ತಿ ಬಿಡಿಸುವ ಆ ದಿನಗಳಲ್ಲಿ ಅವಳ ನಂಬರಿಗೆ ದನಿ ಬದಲಿಸಿ 'ಎಸ್ ಸರ್' ಎನ್ನುತ್ತಿದ್ದವಳು ನಾನು.

ಮರಳುವಾಗ ಬಸ್ಸು ಯರಗಟ್ಟಿಯಲ್ಲಿ ನಿಂತಿತ್ತು. ಸರ್ ಹಿಂದೆ ತಿರುಗಿ ಅವಳನ್ನು ಕೇಳಿದರು, "ನಿನ್ನ ಹಾಜರಿ ಯಾರು ಹೇಳತಿದ್ರು?"

"ಗೊತ್ತಿಲ್ರಿ ಸರ್."

"ನಿನಗರ ಗೊತ್ತೈತೇನವಾ?" ಎಂದು ನನ್ನ ಕಡೆ ನೋಡಿದರು.

"ಇಲ್ರಿ ಸರ್," ಎಂದೆ. ತೊಡೆಯ ಮೇಲೆ ಬಹುಮಾನದ ಕಪ್ ಇತ್ತು. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು, ಆದರೂ ಬಾಯಿ ಬಿಡಲಿಲ್ಲ.

ಸರ್ ಆ ದಿನಗಳ ಹಾಜರಿಯನ್ನೆಲ್ಲ ಹೊಡೆದುಹಾಕಿದರು. ಅವಳ ಹಾಜರಾತಿ ಕಡಿಮೆ ಬಿತ್ತು, ಹಾಲ್ ಟಿಕೆಟ್ ತಡೆದರು. ಆ ಸಲದ ಪರೀಕ್ಷೆ ಅವಳ ಕೈತಪ್ಪಿತು. ನನ್ನ ಹಾಲ್ ಟಿಕೆಟ್ ಕೈಗೆ ಬಂದ ದಿನ ಅವಳನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ನಿಲ್ಲಿಸಿದೆ.

"ನಾ ಈಗ ಹೋಗಿ ಸರ್‌ಗೆ ಎಲ್ಲಾ ಹೇಳತೇನಿ. ನಾನ ಹೇಳತಿದ್ನಿ ಅಂತ."

ಅವಳಿಗೆ ಸಿಟ್ಟೇನೂ ಇರಲಿಲ್ಲ. ಅವಳೂರ ಕಡೆಗಿನ ಕಿತ್ತೂರಿನ ಬಸ್ಸು ಬಂದಿತ್ತು, ಚೀಲ ಹೆಗಲಿಗೇರಿಸಿಕೊಂಡಳು.

"ಈಗ ಹೇಳಿ ಏನ್ ಮಾಡ್ತಿ? ಅವತ್ತ ಬಸ್ಸಿನ್ಯಾಗ ಹೇಳಿದ್ರ, ಇಬ್ರೂ ಕೂಡಿ ಬೈಸಿಕೋತಿದ್ವಿ."