ಎಂಜಿನ್ ಚಾಲೂ ಇದ್ದ ಹದಿನೆಂಟು ಗಂಟೆ

ಅವನನ್ನು ಡ್ರೈವರುಗಳ ನಡುವೆ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಚೀಟಿ ಅಣ್ಣ ಎಂದರೆ ಮುಗಿಯಿತು. ಇಪ್ಪತ್ತೆರಡು ವರ್ಷ ಪರರ ಕಾರು ಓಡಿಸಿದ್ದಾನೆ. ಡ್ಯೂಟಿ ಚೀಟಿ ಬರೆಯದೆ ಒಂದು ದಿನವೂ ಸ್ಟೇರಿಂಗ್ ಮುಟ್ಟಿದವನಲ್ಲ. ಡ್ರೈವರ್ ಯಾರು, ಗಂಟೆಯ ದರ ಎಷ್ಟು, ಕಾರು ಶೆಡ್ಡು ಬಿಟ್ಟ ಹೊತ್ತು, ಮೀಟರಿನ ಕಿಲೋಮೀಟರು, ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು, ನಿಂತಾಗ ಎಂಜಿನ್ ಚಾಲೂ ಇತ್ತೋ ಬಂದ್ ಆಗಿತ್ತೋ, ಶೆಡ್ಡಿಗೆ ಮರಳಿದ ಹೊತ್ತು, ಕೊನೆಗೆ ಹಿಂದಿನ ಸೀಟಿನಲ್ಲಿ ಕೂತವರ ಸಹಿ. ಒಂದು ಕಾಲಂ ಖಾಲಿ ಉಳಿದರೂ ಅವನಿಗೆ ಊಟ ಸೇರದು.

"ಮದುವೆ ದಿನ ನನ್ ಹತ್ರಾನೂ ಸಹಿ ಮಾಡಿಸ್ಕೊಂಡಿರ್ತೀರಿ. ನಾನೇ ಮರ್ತಿದೀನೇನೋ" ಎಂದು ಹೆಂಡತಿ ರೇಗಿಸುತ್ತಿದ್ದಳು.

ರೇಗಿಸಲಿ ಬಿಡಿ. ಈ ಕಸುಬಿನಲ್ಲಿ ಬಾಯಿಮಾತು ನಂಬಿದವರ ಗತಿ ಏನಾಯಿತೆಂದು ಅವನು ಕಂಡಿದ್ದ. ಅದಕ್ಕೇ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಯಜಮಾನರ ಮನೆಗೆ ಸೇರಿದ ದಿನವೇ ಎಲ್ಲವನ್ನೂ ಕಾಗದದ ಮೇಲೆ ಬರೆಸಿಕೊಂಡಿದ್ದ. ಗಂಟೆಗೆ ನೂರೈವತ್ತು. ಕರೆದರೆ ಕನಿಷ್ಠ ನಾಲ್ಕು ಗಂಟೆಯ ಲೆಕ್ಕ. ಕಾಯುವ ಗಂಟೆಗೂ ಅದೇ ದರ, ಏಕೆಂದರೆ ಕಾಯುವಾಗ ಅವನು ಬೇರೆ ಯಾರ ಕೆಲಸಕ್ಕೂ ಹೋಗುವಂತಿಲ್ಲ. ಎಂಟು ಗಂಟೆ ಮೀರಿದರೆ ಒಂದೂವರೆ ಪಟ್ಟು. ರಾತ್ರಿ ಹತ್ತರ ನಂತರ, ಬೆಳಗ್ಗೆ ಆರಕ್ಕೆ ಮುಂಚೆ ಡ್ಯೂಟಿ ಬಿದ್ದರೆ ಮೇಲೆ ಮುನ್ನೂರು ಭತ್ಯೆ. ಪೆಟ್ರೋಲು ಯಜಮಾನರದ್ದು: ತಿಂಗಳ ಮೊದಲ ದಿನ ಟ್ಯಾಂಕು ಭರ್ತಿ, ಕೊನೆಯ ದಿನ ಮತ್ತೆ ಭರ್ತಿ, ನಡುವೆ ಹಾಕಿಸಿದ್ದಕ್ಕೆಲ್ಲ ಬಿಲ್ಲು. ಲೀಟರಿಗೆ ಹದಿನಾಲ್ಕು ಕಿಲೋಮೀಟರು ಬರಬೇಕು. ಬರದಿದ್ದರೆ ಯಾಕೆಂದು ಡ್ರೈವರು ಹೇಳಬೇಕು.

ಮೂರು ವರ್ಷ ಎಲ್ಲ ಸರಾಗವಾಗಿ ನಡೆಯಿತು. ರಾತ್ರಿ ಭತ್ಯೆಗೆ ಯಜಮಾನರು ಒಮ್ಮೆಯೂ ತಕರಾರು ಮಾಡಿದವರಲ್ಲ. ಆ ಹೊತ್ತಿನಲ್ಲಿ ಹಿಂದೆ ಕೂತು ಆಕಳಿಸುತ್ತಿದ್ದವರು ಅವರೇ ತಾನೆ. ಕಣ್ಣಿಗೆ ಕಾಣದ ಗಂಟೆಗಳೇ ಅವರಿಗೆ ಚುಚ್ಚುತ್ತಿದ್ದವು.

ಆ ಶುಕ್ರವಾರ ಮಧ್ಯಾಹ್ನ ಅವನನ್ನು ಕಾರ್ಖಾನೆಯ ಮಹಡಿಗೆ ಕರೆಸಿದರು. ಕೋಣೆಯಲ್ಲಿ ಯಜಮಾನರು, ಮ್ಯಾನೇಜರು, ಮೇಜಿನ ಮೇಲೆ ಹರಡಿದ ಅವನದೇ ಚೀಟಿಗಳು. ಕೂರಲು ಯಾರೂ ಹೇಳಲಿಲ್ಲ.

"ಹೋದ ತಿಂಗಳು ಓಡಿರೋದು ಸಾವಿರದ ನೂರಿಪ್ಪತ್ತು ಕಿಲೋಮೀಟರು" ಎಂದರು ಮ್ಯಾನೇಜರು. "ಹದಿನಾಲ್ಕರಂತೆ ಎಂಬತ್ತು ಲೀಟರ್ ಆಗ್ಬೇಕು. ಬಿಲ್ಲು ತೊಂಬತ್ತೆಂಟಕ್ಕಿದೆ. ಹದಿನೆಂಟು ಲೀಟರ್ ಎಲ್ಲಿ ಹೋಯ್ತು?"

ಮ್ಯಾನೇಜರು ಇನ್ನೊಂದು ಕಾಗದ ಮುಂದೆ ತಳ್ಳಿದರು. ಇನ್ನು ಮುಂದೆ ಕಾಯುವ ಗಂಟೆಗೆ ಅರ್ಧ ದರ. ಹದಿನೆಂಟು ಲೀಟರಿನ ದುಡ್ಡು ಈ ಸಲದ ಲೆಕ್ಕದಲ್ಲಿ ಮುರಿದುಕೊಳ್ಳಲು ಒಪ್ಪಿಗೆ.

"ಸುಮ್ನೆ ಸೀಟ್ ಒರಗಿಸ್ಕೊಂಡು ಕೂರೋದಕ್ಕೂ ಪೂರ್ತಿ ದುಡ್ಡು ಅಂದ್ರೆ ಹೇಗ್ರೀ?" ಎಂದರು ಯಜಮಾನರು. "ಸಹಿ ಮಾಡಿ. ಪೆಟ್ರೋಲ್ ವಿಷಯ ನಾನು ಹೊರಗೆ ಬಿಡಲ್ಲ."

ಅರ್ಧ ದರ ಹೊಟ್ಟೆಗೆ ಹೊಡೆತ, ಸರಿ. ಆದರೆ ಆ ಎರಡನೇ ಸಾಲು ಅವನನ್ನೇ ಮುಗಿಸುವಂಥದ್ದು. ಹೊಸ ಮನೆಯವರು ಕೆಲಸ ಕೊಡುವ ಮುಂಚೆ ಹಳೆಯ ಮನೆಗೆ ಒಂದು ಫೋನು ಮಾಡಿಯೇ ಮಾಡುತ್ತಾರೆ. ಪೆಟ್ರೋಲ್ ಕಳ್ಳ ಎಂಬ ಮಾತು ಒಮ್ಮೆ ಅಂಟಿದರೆ ಕಾರಿನ ಬೀಗದಕೈಯನ್ನು ಅವನ ಅಂಗೈಗೆ ಯಾರು ಹಾಕುತ್ತಾರೆ?

"ನಾನು ಒಂದು ಹನೀನೂ ಮುಟ್ಟಿಲ್ಲ ಸರ್."

"ಹಾಗಾದ್ರೆ ಇದೇನು?" ಮ್ಯಾನೇಜರು ಒಂಬತ್ತು ಚೀಟಿಗಳನ್ನು ಬೇರೆ ಮಾಡಿ ಜೋಡಿಸಿದರು. ಎಲ್ಲವೂ ಮಂಗಳವಾರ, ಶುಕ್ರವಾರದವು. ಯಜಮಾನರ ತಾಯಿಯನ್ನು ಮಂಡಿಯ ಫಿಸಿಯೋಥೆರಪಿಗೆ ಕರೆದೊಯ್ದ ದಿನಗಳು. ಒಂದೊಂದರಲ್ಲೂ ಎರಡು ಗಂಟೆ ಕಾದದ್ದು, ಕೆಳಗೆ ಅಮ್ಮಾವ್ರ ಸಹಿ. "ಎಂಜಿನ್ ಕಾಲಂ ಒಂಬತ್ತರಲ್ಲೂ ಖಾಲಿ. ನಿಮ್ ಚೀಟೀಲಿ ಖಾಲಿ ಜಾಗ!"

ಚೀಟಿ ಅಣ್ಣನಿಗೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ನಿಂತ ಕಾರು ಎ.ಸಿ. ಹಾಕಿಕೊಂಡು ಗುರುಗುಟ್ಟುತ್ತಿದ್ದರೆ ಗಂಟೆಗೆ ಹೆಚ್ಚುಕಡಿಮೆ ಒಂದು ಲೀಟರು ಕುಡಿಯುತ್ತದೆ. ಒಂಬತ್ತು ದಿನ, ದಿನಕ್ಕೆ ಎರಡು ಗಂಟೆ. ಮೀಟರಿನಲ್ಲಿ ಒಂದು ಕಿಲೋಮೀಟರೂ ಏರಿರದು. ಇಷ್ಟು ಹೇಳಿದರೆ ಸಾಕಿತ್ತು. ಆದರೆ ಹೇಳಿದ ಕೂಡಲೇ ಮುಂದಿನ ಪ್ರಶ್ನೆ ಬರುತ್ತದಲ್ಲ: ಅಮ್ಮ ಆಸ್ಪತ್ರೆಯ ಒಳಗಿದ್ದರೆ ಎ.ಸಿ. ಯಾರಿಗೆ?

ಅಮ್ಮಾವ್ರು ಒಳಗೆ ಹೋಗುತ್ತಲೇ ಇರಲಿಲ್ಲ.

ಹೋದ ತಿಂಗಳ ಶುರುವಿನಲ್ಲಿ ಫಿಸಿಯೋಗೆ ಹೋಗುವ ದಾರಿಯಲ್ಲಿ ಅವರು ಹಿಂದಿನ ಸೀಟಿನಲ್ಲೇ ನಿದ್ದೆ ಹೋಗಿದ್ದರು. ಅಲ್ಲಿ ತಲುಪಿ ಅವನು ಎಂಜಿನ್ ಬಂದ್ ಮಾಡಿದ್ದೇ ತಡ, ಬೆಚ್ಚಿ ಎದ್ದರು. ಅವರ ಗಂಡ ಲಾರಿ ಡ್ರೈವರ್ ಆಗಿದ್ದವರು. ಮದುವೆಯಾದ ಮೊದಲ ಹತ್ತು ವರ್ಷ ಅವರು ಗಂಡನ ಜೊತೆ ಲಾರಿಯಲ್ಲೇ ತಿರುಗಿದವರು, ಮಗನನ್ನೂ ಅದೇ ಸದ್ದಿನಲ್ಲಿ ಮಲಗಿಸಿದವರು. ಗಂಡ ಹೋದ ಮೇಲೆ ಮನೆಯ ಮಂಚದಲ್ಲಿ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. "ಡ್ರೈವರಪ್ಪಾ, ನನ್ನನ್ನ ಒಳಗೆ ಕರ್ಕೊಂಡು ಹೋಗ್ಬೇಡ. ಎರಡು ಗಂಟೆ ಹೀಗೇ ಮಲಗ್ತೀನಿ. ನನ್ ಮಗಂಗೆ ಹೇಳಲ್ಲ ಅಂತ ಮಾತು ಕೊಡು" ಎಂದಿದ್ದರು. ಅವನು ಕೊಟ್ಟ. ಅಷ್ಟೇ ಅಲ್ಲ, ಚೀಟಿಯಲ್ಲಿ ಸುಳ್ಳು ಬರೆಯಲು ಕೈ ಬಾರದೆ, ನಿಜ ಬರೆದರೆ ಸಿಕ್ಕಿಬೀಳುತ್ತೇನೆಂದು ಹೆದರಿ, ಆ ಕಾಲಂ ಖಾಲಿ ಬಿಟ್ಟ. ಇಪ್ಪತ್ತೆರಡು ವರ್ಷ ಚೀಟಿ ಬರೆದ ಬುದ್ಧಿವಂತ ಅಲ್ಲಿ ಎಡವಿದ್ದು ಹೀಗೆ.

"ಸಹಿ ಮಾಡಲ್ಲ ಸರ್" ಎಂದ. ಬೀಗದಕೈ ತೆಗೆದು ಮೇಜಿನ ಮೇಲಿಟ್ಟ.

ಯಜಮಾನರು ಬೀಗದಕೈ ಎತ್ತಿಕೊಂಡರು. "ಇವತ್ತೂ ಶುಕ್ರವಾರ ತಾನೆ? ನಾನೇ ಓಡಿಸ್ತೀನಿ. ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ಎಷ್ಟು ಕುಡಿಯುತ್ತೆ ನೋಡೇಬಿಡೋಣ."

ಮನೆಯ ಮುಂದೆ ಬಂದು ನಿಂತ ಕಾರಿನಲ್ಲಿ, ಡ್ರೈವರಿನ ಸೀಟಿನಲ್ಲಿ ಮಗನನ್ನು ಕಂಡು ಅಮ್ಮಾವ್ರ ಮುಖ ಬಿಳಿಚಿತು. ಚೀಟಿ ಅಣ್ಣನ ಕಡೆ ಒಂದು ನೋಟ ಎಸೆದರು: ಹೇಳಿಬಿಟ್ಟೆಯಾ? ಅವನು ಇಲ್ಲವೆಂದು ತಲೆಯಾಡಿಸಿದ. ಅದು ಅವರಿಗೆ ಅರ್ಥವಾಯಿತೋ ಇಲ್ಲವೋ, ಸೆರಗು ಸರಿಮಾಡಿಕೊಂಡು ಹತ್ತಿ ಕೂತರು. ದಾರಿಯುದ್ದಕ್ಕೂ ಯಜಮಾನರು ಗೇರು ಬದಲಿಸಿದಾಗಲೆಲ್ಲ ಕಾರು ಮುಗ್ಗರಿಸುತ್ತಿತ್ತು. ಚೀಟಿ ಅಣ್ಣನ ಎಡಗಾಲು ಇಲ್ಲದ ಕ್ಲಚ್ಚನ್ನು ತಾನೇ ಒತ್ತುತ್ತಿತ್ತು.

ಅಮ್ಮಾವ್ರು ಎಚ್ಚರವಿರಲು ಎಷ್ಟು ಹೆಣಗಿದರೋ ಏನೋ, ಕಾಲುಗಂಟೆಯಲ್ಲಿ ಅವರ ತಲೆ ಕಿಟಕಿಗೆ ಒರಗಿತು. ಆಸ್ಪತ್ರೆಯ ಮುಂದೆ ಕಾರು ನಿಂತಾಗ ಸಣ್ಣಗೆ ಗೊರಕೆ ಕೇಳಿಸುತ್ತಿತ್ತು.

"ಗಾಲಿಕುರ್ಚಿ ತರಿಸ್ತೀನಿ" ಎಂದು ಯಜಮಾನರು ಎಂಜಿನ್ ಬಂದ್ ಮಾಡದೆ ಇಳಿದು ಹೋದರು. ಮೂರು ನಿಮಿಷ. ಮರಳಿ ಬಂದವರ ಮುಖ ಕೆಂಡವಾಗಿತ್ತು. ಸೀಟಿಗೆ ಕುಕ್ಕರಿಸಿ ಹಲ್ಲು ಕಚ್ಚಿ ಕೇಳಿದರು: "ಹೋದ ತಿಂಗಳಿಂದ ಅಮ್ಮ ಇಲ್ಲಿಗೆ ಬಂದೇ ಇಲ್ವಂತೆ! ಎಲ್ಲಿಗೆ ಕರ್ಕೊಂಡು ಹೋಗ್ತಿದ್ರಿ? ಹೇಳ್ರೀ!"

ಚೀಟಿ ಅಣ್ಣ ತುಟಿಯ ಮೇಲೆ ಬೆರಳಿಟ್ಟು ಹಿಂದಿನ ಸೀಟು ತೋರಿಸಿದ. ಯಜಮಾನರಿಗೆ ಅದು ಸೊಕ್ಕಾಗಿ ಕಂಡಿತು. ಕೈಚಾಚಿ ಕೀ ತಿರುಗಿಸಿಬಿಟ್ಟರು. ಎಂಜಿನ್ ನಿಂತಿತು.

ಹಿಂದಿನಿಂದ ನಿದ್ದೆಗಣ್ಣಿನ ದನಿ ಬಂತು. "ಆಫ್ ಮಾಡ್ಬೇಡ ಡ್ರೈವರಪ್ಪಾ... ಈಗ ತಾನೆ ಕಣ್ಣು ಹತ್ತಿತ್ತು. ಮನೇಲಿ ನಿದ್ದೆ ಬರಲ್ಲ ಅಂತ ಅವನಿಗೆ ಹೇಳ್ಬೇಡ. ಮಾತ್ರೆ ತಂದು ಸುರೀತಾನೆ. ನಿಮ್ಮ ಸಾಹುಕಾರ ಚಿಕ್ಕೋನಿದ್ದಾಗ ಹೀಗೇ, ಅವರಪ್ಪ ಲಾರಿ ನಿಲ್ಸಿದ್ರೆ ಎದ್ದು ಅಳ್ತಿದ್ದ..."

ಯಜಮಾನರ ಕೈ ಕೀ ಮೇಲೇ ಉಳಿಯಿತು. ಕನ್ನಡಿಯಲ್ಲಿ ತಾಯಿಯನ್ನು ನೋಡಿದರು. ಅವರ ಕಣ್ಣು ಮುಚ್ಚಿಯೇ ಇತ್ತು. ಚೀಟಿ ಅಣ್ಣನಿಗೆ ಆ ಗಳಿಗೆಯಲ್ಲಿ ಗೆದ್ದೆನೆಂಬ ಖುಷಿಯೇನೂ ಆಗಲಿಲ್ಲ. ಕೊಟ್ಟ ಮಾತು ತನ್ನ ಬಾಯಿಂದಲ್ಲದಿದ್ದರೂ ಒಡೆದುಹೋಯಿತಲ್ಲ ಎಂದು ಸಂಕಟವಾಯಿತು.

ಯಜಮಾನರು ಕೀ ತಿರುಗಿಸಿದರು. ಎಂಜಿನ್ ಮತ್ತೆ ಗುರುಗುಟ್ಟಿತು.

"ಯಾವಾಗ್ಲೂ ಎಲ್ಲಿ ನಿಲ್ಲಿಸ್ತೀರಿ?" ದನಿ ತಗ್ಗಿತ್ತು.

"ಹಿಂದುಗಡೆ ಬಯಲಲ್ಲಿ ನೆರಳಿದೆ ಸರ್. ಗೋಡೆಗೆ ಒತ್ತಿ ಬೇಡ, ಹೊಗೆ ನಿಲ್ಲುತ್ತೆ. ಮುಂದಿನ ಗಾಜು ಒಂದು ಬೆರಳಷ್ಟು ಇಳಿಸಿ."

ಹಾಗೇ ಮಾಡಿದರು. ಅಲ್ಲಿಂದ ಶುರುವಾಯಿತು ನೋಡಿ ಯಜಮಾನರ ಡ್ಯೂಟಿ. ಹತ್ತು ನಿಮಿಷಕ್ಕೆ ಫೋನು ನಡುಗಿತು, ಕತ್ತು ಹಿಸುಕುವಂತೆ ಅದನ್ನು ಅದುಮಿದರು. ಅರ್ಧ ಗಂಟೆಗೆ ಕಾವಲುಗಾರ ಬಂದು ಗಾಡಿ ತೆಗೆಯಿರಿ ಎಂದು ಕೈಬೀಸಿದ. ತುಸು ಮುಂದಕ್ಕೆ, ತುಸು ಹಿಂದಕ್ಕೆ, ಜರ್ಕು ಹೊಡೆಯದಂತೆ ಬೆವರಿಳಿಸಿಕೊಂಡು ಸರಿಸಿದರು. ಒಂದು ಗಂಟೆಯಾಗುವ ಹೊತ್ತಿಗೆ ಕಾಲು ಅಲ್ಲಾಡಿಸತೊಡಗಿದರು.

"ಇಳಿದು ಹೋಗಿ ಬರ್ಲಾ?" ಎಂದು ಕಿರುಬೆರಳು ತೋರಿಸಿ ಪಿಸುಗುಟ್ಟಿದರು.

"ಈಗ ಗಾಢ ನಿದ್ದೆ ಸರ್. ಬಾಗಿಲ ಸದ್ದಿಗೆ ಎದ್ಬಿಡ್ತಾರೆ."

"ಮತ್ತೆ ನೀವೇನ್ ಮಾಡ್ತೀರಿ?"

"ತಡ್ಕೋತೀನಿ ಸರ್."

ಯಜಮಾನರು ಅವನನ್ನು ಮೂರು ವರ್ಷದಲ್ಲಿ ಮೊದಲ ಬಾರಿಗೆಂಬಂತೆ ನೋಡಿದರು. ಆಮೇಲೆ ಸೀಟು ಒರಗಿಸಲೂ ಇಲ್ಲ, ಫೋನು ತೆಗೆಯಲೂ ಇಲ್ಲ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರುತ್ತಿದೆಯೇ ಎಂದು ಒಂದು ಕಣ್ಣು, ಕನ್ನಡಿಯ ಮೇಲೆ ಇನ್ನೊಂದು ಕಣ್ಣು. ಹಾಗೇ ಎರಡು ಗಂಟೆ ಕಳೆಯಿತು.

ತಾಯಿಯನ್ನು ಮನೆಗೆ ಬಿಟ್ಟು ಇಬ್ಬರೂ ಕಾರ್ಖಾನೆಯ ಮಹಡಿ ಹತ್ತಿದಾಗ ಮ್ಯಾನೇಜರು ಕಾಗದದ ಮೇಲೆ ಪೆನ್ನಿಟ್ಟು ಕಾಯುತ್ತಿದ್ದರು. ಯಜಮಾನರು ಪೆನ್ನು ಎತ್ತಿಕೊಂಡರು. ಪೆಟ್ರೋಲಿನ ಸಾಲಿಗೆ ಉದ್ದಕ್ಕೂ ಗೀಟು ಎಳೆದರು. 'ಅರ್ಧ' ಎಂಬುದನ್ನು ಹೊಡೆದುಹಾಕಿ 'ಪೂರ್ತಿ' ಎಂದು ಬರೆದರು. ಆಮೇಲೆ ಒಂಬತ್ತು ಚೀಟಿಗಳನ್ನು ಎಳೆದುಕೊಂಡು ಎಂಜಿನ್ ಕಾಲಮ್ಮಿನಲ್ಲಿ ಒಂದೊಂದಾಗಿ ತಮ್ಮ ಕೈಯಾರೆ ಬರೆದರು: ಚಾಲೂ. ಒಂಬತ್ತು ಸಲ.

"ಇವತ್ತಿನ ಚೀಟಿ?"

ಚೀಟಿ ಅಣ್ಣ ಜೇಬಿನಿಂದ ತೆಗೆದುಕೊಟ್ಟ. ಹೊತ್ತು, ಕಿಲೋಮೀಟರು, ಕಾದದ್ದು ಎರಡು ಗಂಟೆ, ಎಂಜಿನ್ ಚಾಲೂ, ಕೆಳಗೆ ಅಮ್ಮಾವ್ರ ಸಹಿ. ಡ್ರೈವರ್ ಎಂಬ ಕಡೆ ಮಾತ್ರ ಏನು ಬರೆಯಬೇಕೆಂದು ತೋಚದೆ ಬಿಟ್ಟಿದ್ದ. ಯಜಮಾನರು ಅಲ್ಲಿ 'ಮಗ' ಎಂದು ಬರೆದರು.

ಮ್ಯಾನೇಜರು ಇಣುಕಿ ನೋಡಿದರು. "ಇದಕ್ಕೆ ಗಂಟೆಗೆ ಎಷ್ಟು ಹಾಕ್ಲಿ ಸರ್?"

ಯಜಮಾನರು ಬೀಗದಕೈಯನ್ನು ಚೀಟಿ ಅಣ್ಣನ ಅಂಗೈಗೆ ಹಾಕಿ, ಅವನ ಬೆರಳುಗಳನ್ನು ತಾವೇ ಮಡಿಸಿದರು. ದರದ ಕಾಲಂ ಖಾಲಿ ಉಳಿಯಿತು. ಅವನು ಅದನ್ನು ಹಾಗೇ ಫೈಲಿಗೆ ಸೇರಿಸಿದ. ಅವತ್ತು ರಾತ್ರಿ ಊಟವೂ ಸೇರಿತು.